ಟೋಟಲ್ ಟ್ಯಾಲಿ ಆಯ್ತು, ಲೆಕ್ಕ ಮಾತ್ರ ತಪ್ಪಿತ್ತು: ಆಫ್‌ಸೆಟ್ ಬಿಟ್ಟು ಕೀಸೆಟ್ ಹಿಡಿದ ಕಥೆ

ಫೋನಲ್ಲಿ ಯಾವುದೋ ಆ್ಯಪ್ ತೆಗೆದು ಕೆಳಕ್ಕೆ ಸ್ಕ್ರೋಲ್ ಮಾಡ್ತಾ ಹೋಗ್ತೀರಿ. ಈಗಷ್ಟೇ ನೋಡಿದ ಪೋಸ್ಟ್ ಎರಡು ಸ್ಕ್ರೋಲ್ ಆದ ಮೇಲೆ ಮತ್ತೆ ಬರುತ್ತೆ. ಅಥವಾ ಬ್ಯಾಂಕ್ ಆ್ಯಪ್‌ನಲ್ಲಿ ಹಳೇ ವಹಿವಾಟು ಹುಡುಕ್ತಾ ಕೆಳಗೆ ಹೋದಷ್ಟೂ ಆ ಸುತ್ತುವ ಚಕ್ರ ಜಾಸ್ತಿ ಹೊತ್ತು ಸುತ್ತುತ್ತೆ. ನೆಟ್ ಸರಿ ಇಲ್ಲ ಅಂದುಕೊಂಡು ಸುಮ್ಮನಾಗ್ತೀವಿ. ಎಷ್ಟೋ ಸಲ ಅದು ನೆಟ್‌ನ ತಪ್ಪಲ್ಲ. ಹಿಂದೆ ಇರೋ ಡೇಟಾಬೇಸ್‌ಗೆ ಯಾರೋ ಕೇಳಿರೋ ಪ್ರಶ್ನೆಯಲ್ಲೇ ತಪ್ಪಿರುತ್ತೆ. ನನ್ನ ವಿಷಯದಲ್ಲಿ ಆ ಯಾರೋ ನಾನೇ.

ಇದು ಆ ಎಪಿಸೋಡ್‌ನ ಬರಹ ರೂಪ. ಕೇಳುವಾಗ ಕೋಡ್ ಓದಿ ಹೇಳಿದರೆ ಯಾರಿಗೂ ಅರ್ಥ ಆಗಲ್ಲ ಅಂತ ಅಲ್ಲಿ ಬಿಟ್ಟಿದ್ದೆ. ಇಲ್ಲಿ ಹಾಕಿದ್ದೀನಿ.

ನಾನು ಓದಿದ್ದು ಬಿ.ಕಾಂ. ಡೇಟಾಬೇಸ್ ಕಲಿತದ್ದು ಅಗತ್ಯಕ್ಕೆ. ನನ್ನ ಪಾಡ್‌ಕಾಸ್ಟ್‌ಗೆ ಒಂದು ವೆಬ್‌ಸೈಟ್ ಇದೆ, ಅದರಲ್ಲಿ ಒಂದು ಪ್ಲೇಯರ್ ಇದೆ. ಯಾರಾದರೂ ಎಪಿಸೋಡ್ ಕೇಳ್ತಿದ್ದರೆ ಆ ಪ್ಲೇಯರ್ ಪ್ರತಿ 30 ಸೆಕೆಂಡಿಗೊಮ್ಮೆ ಸರ್ವರ್‌ಗೆ ‘ಇನ್ನೂ ಕೇಳ್ತಿದ್ದಾರೆ’ ಅಂತ ಒಂದು ಸಾಲು ಕಳಿಸುತ್ತೆ. ಒಂದು ಸಾಲು ಅಂದರೆ ಅರ್ಧ ನಿಮಿಷ. 40 ನಿಮಿಷದ ಎಪಿಸೋಡನ್ನು ಒಬ್ಬರು ಪೂರ್ತಿ ಕೇಳಿದರೆ 80 ಸಾಲು. ಹೀಗಾಗಿ ದೊಡ್ಡ ಶೋ ಅಲ್ಲದಿದ್ದರೂ ಎರಡು ವರ್ಷದಲ್ಲಿ ಆ ಟೇಬಲ್ 40 ಲಕ್ಷ ಸಾಲು ಮುಟ್ಟಿತ್ತು. ಟೇಬಲ್ ಹೆಸರು `events`, ಇರೋದು ಪೋಸ್ಟ್‌ಗ್ರೆಸ್‌ನಲ್ಲಿ. ಮುಖ್ಯವಾದ ಕಾಲಂ ಮೂರೇ: `id`, ಕೇಳಿದ ಹೊತ್ತು `heard_at`, ಮತ್ತು ಯಾವ ಎಪಿಸೋಡ್ ಅನ್ನೋ `episode_id`.

ನಮ್ಮ ಕೆಲವು ಎಪಿಸೋಡ್‌ಗಳಿಗೆ ಒಂದು ಸಣ್ಣ ಕಂಪನಿ ಜಾಹೀರಾತು ಕೊಟ್ಟಿತ್ತು. ದುಡ್ಡು ಎಷ್ಟು ಅನ್ನೋದು ಆ ಎಪಿಸೋಡ್‌ಗಳನ್ನು ಜನ ಎಷ್ಟು ನಿಮಿಷ ಕೇಳಿದರು ಅನ್ನೋದರ ಮೇಲೆ. ಒಪ್ಪಂದ ಮುಂದುವರಿಸೋಕೆ ಮೊದಲು ಶುರುವಿನಿಂದ ಇವತ್ತಿನವರೆಗಿನ ಲೆಕ್ಕ ಎಪಿಸೋಡ್‌ವಾರು ಬೇಕು ಅಂದರು. ಎಲ್ಲಾ ಸಾಲುಗಳನ್ನೂ ನನ್ನ ಲ್ಯಾಪ್‌ಟಾಪ್‌ಗೆ ಇಳಿಸಿಕೊಳ್ಳೋ ಒಂದು ಸ್ಕ್ರಿಪ್ಟ್ ಬರೆದೆ. 40 ಲಕ್ಷ ಒಂದೇ ಸಲ ಬರಲ್ಲ, ಅದಕ್ಕೆ ಒಂದೊಂದು ಸಲಕ್ಕೆ 1000 ಸಾಲು ಕೇಳೋದು. ಸರ್ವರ್ ಒಳಗೆ ಓಡ್ತಿದ್ದ ಪ್ರಶ್ನೆ ಹೀಗಿತ್ತು:

```sql
SELECT id, heard_at, episode_id
FROM events
ORDER BY heard_at DESC, id DESC
LIMIT 1000 OFFSET 2000000;
```

ಹೊಸದು ಮೊದಲು ಬರೋ ಹಾಗೆ ಜೋಡಿಸು, ಮೊದಲ 20 ಲಕ್ಷ ಬಿಡು, ಆಮೇಲಿನ 1000 ಕೊಡು ಅಂತ ಇದರರ್ಥ. ಮುಂದಿನ ಸಲ `OFFSET 2001000`, ಅದರ ಮುಂದೆ `OFFSET 2002000`. ಯೂಟ್ಯೂಬ್‌ನ ಟ್ಯುಟೋರಿಯಲ್‌ಗಳಲ್ಲಿ ಮೊದಲು ಹೇಳಿಕೊಡೋದು ಇದನ್ನೇ. ನೋಡೋಕೂ ಚೆಂದ.

ಸಂಜೆ ಏಳೂವರೆಗೆ ಶುರು ಮಾಡಿದೆ. ಮೊದಲ ಪುಟಗಳು ಕಣ್ಣು ಮಿಟುಕಿಸೋದರೊಳಗೆ ಬಂದವು. ಊಟ ಮುಗಿಸಿ ಬಂದು ನೋಡಿದರೆ ಒಂದು ಪುಟಕ್ಕೆ ಎರಡು ಸೆಕೆಂಡ್. ಕೊನೆಯ ಪುಟಗಳು ಒಂದೊಂದೂ ನಾಲ್ಕು ಸೆಕೆಂಡ್. ಸರಾಸರಿ ಎರಡು ಸೆಕೆಂಡ್ ಹಿಡಿದರೆ 4000 ಪುಟಕ್ಕೆ 8000 ಸೆಕೆಂಡ್, ಅಂದರೆ ಎರಡು ಕಾಲು ಗಂಟೆ. ಅಷ್ಟೇ ಹಿಡೀತು. ಪ್ರತಿ ಪುಟದಲ್ಲೂ ಬರೋದು ಅದೇ 1000 ಸಾಲು, ಆದರೆ ಸಮಯ ಮಾತ್ರ ಏರ್ತಾನೇ ಇತ್ತು.

ಯಾಕೆ ಅಂದರೆ, ‘ಬಿಡು’ ಅಂದ ಸಾಲುಗಳನ್ನೂ ಡೇಟಾಬೇಸ್ ಓದಲೇಬೇಕು. ಓದಿ, ಎಣಿಸಿ, ಎಸೆಯುತ್ತೆ. ಇದು ಗುಟ್ಟೇನಲ್ಲ. ಆಫ್‌ಸೆಟ್‌ನಿಂದ ಬಿಟ್ಟ ಸಾಲುಗಳನ್ನೂ ಸರ್ವರ್ ಒಳಗೆ ಲೆಕ್ಕ ಹಾಕಲೇಬೇಕಾಗುತ್ತೆ, ಆದ್ದರಿಂದ ದೊಡ್ಡ ಆಫ್‌ಸೆಟ್ ದುಬಾರಿ ಆಗಬಹುದು ಅಂತ ಪೋಸ್ಟ್‌ಗ್ರೆಸ್‌ನ ಕೈಪಿಡಿಯಲ್ಲೇ ಬರೆದಿದ್ದಾರೆ. ನಾನು ಓದಿರಲಿಲ್ಲ ಅಷ್ಟೇ.

ಒಟ್ಟು ಎಷ್ಟು ಓದಿಸಿದೆ ಅಂತ ಆಮೇಲೆ ಲೆಕ್ಕ ಹಾಕಿದೆ. ಮೊದಲ ಪುಟಕ್ಕೆ 1000 ಸಾಲು, ಎರಡನೆಯದಕ್ಕೆ 2000, ಮೂರನೆಯದಕ್ಕೆ 3000, ಹೀಗೆ 4000ನೇ ಪುಟಕ್ಕೆ 40 ಲಕ್ಷ. ಎಲ್ಲಾ ಕೂಡಿದರೆ 800 ಕೋಟಿಗಿಂತ ಸ್ವಲ್ಪ ಜಾಸ್ತಿ. ಇರೋದು 40 ಲಕ್ಷ ಸಾಲು, ಓದಿಸಿದ್ದು 800 ಕೋಟಿ. ಎರಡು ಸಾವಿರ ಪಟ್ಟು. ಟೇಬಲ್ ಎರಡರಷ್ಟಾದರೆ ಈ ಕೆಲಸ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತೆ.

ಇಲ್ಲಿ ಒಂದು ಪ್ರಶ್ನೆ ಬರುತ್ತೆ, ನನಗೂ ಬಂತು. `heard_at` ಮೇಲೆ ಇಂಡೆಕ್ಸ್ ಇತ್ತಲ್ಲ, ಸಾಲುಗಳು ಅಲ್ಲಿ ಜೋಡಿಸಿಯೇ ಇರ್ತಾವಲ್ಲ, ಹಾಗಿದ್ದರೆ ನೇರ 20,00,001ನೇ ಸಾಲಿಗೆ ಹಾರೋಕೆ ಏನು ಕಷ್ಟ?

ಕಷ್ಟ ಇದೆ. ಇಂಡೆಕ್ಸ್ ಒಂದು ಮರದ ಹಾಗೆ. ನನ್ನ ಟೇಬಲ್‌ನಷ್ಟಕ್ಕೆ ಅದು ಹೆಚ್ಚುಕಮ್ಮಿ ಮೂರು ಹಂತದ ಮರ. ಮೇಲಿನ ಹಂತದಲ್ಲಿ ‘ಇಷ್ಟು ಹೊತ್ತಿನಿಂದ ಇಷ್ಟು ಹೊತ್ತಿನವರೆಗಿನದು ಈ ಕಡೆ, ಅದಕ್ಕಿಂತ ಹಳೆಯದು ಆ ಕಡೆ’ ಅಂತ ದಾರಿ ಬರೆದಿರುತ್ತೆ. ಆದರೆ ಈ ಕಡೆ ಎಷ್ಟು ಸಾಲಿವೆ ಅಂತ ಬರೆದಿರಲ್ಲ. ಹಾಗಾಗಿ ‘ಮಾರ್ಚ್ 9ರ ರಾತ್ರಿ ಎಂಟು ಕಾಲು’ ಅಂತ ಕೇಳಿದರೆ ಮೂರು ಹೆಜ್ಜೆಯಲ್ಲಿ ಅಲ್ಲಿಗೆ ಹೋಗುತ್ತೆ. ‘ಇಪ್ಪತ್ತು ಲಕ್ಷದ ಒಂದನೆಯದು’ ಅಂದರೆ ಅದಕ್ಕೆ ದಾರಿ ಗೊತ್ತಿಲ್ಲ, ತುದಿಯಿಂದ ಒಂದೊಂದಾಗಿ ಎಣಿಸಿಕೊಂಡೇ ಬರಬೇಕು. ಇನ್ನೊಂದು ತೊಡಕೂ ಇದೆ. ಪೋಸ್ಟ್‌ಗ್ರೆಸ್‌ನಲ್ಲಿ ಅಳಿಸಿದ ಸಾಲು ತಕ್ಷಣ ಹೋಗಲ್ಲ, ಹೊಸದಾಗಿ ಸೇರ್ತಿರೋ ಸಾಲು ಎಲ್ಲರಿಗೂ ಒಟ್ಟಿಗೆ ಕಾಣಲ್ಲ. ಒಂದೇ ಕ್ಷಣದಲ್ಲಿ ಇಬ್ಬರು ಕೇಳಿದರೆ ಒಬ್ಬರಿಗೆ ಕಾಣೋ ಸಾಲು ಇನ್ನೊಬ್ಬರಿಗೆ ಕಾಣದೇ ಇರಬಹುದು. ಅಂದಮೇಲೆ ‘ಈ ಸಾಲು ಎಷ್ಟನೆಯದು’ ಅನ್ನೋದು ಮೊದಲೇ ಬರೆದಿಡೋ ವಿಷಯವೇ ಅಲ್ಲ.

ನಿಮ್ಮಲ್ಲೂ ಇದೇ ಆಗ್ತಿದೆಯಾ ಅಂತ ಹೇಗೆ ಗೊತ್ತಾಗುತ್ತೆ? ಪ್ರಶ್ನೆಯ ಮುಂದೆ `EXPLAIN ANALYZE` ಸೇರಿಸಿ ಓಡಿಸಿ. ನನಗೆ ಬಂದದ್ದರಲ್ಲಿ ಬೇಕಾದಷ್ಟು ಮಾತ್ರ ಇಲ್ಲಿ ಕೊಡ್ತೀನಿ:

```
Limit (actual rows=1000)
  -> Index Scan Backward using events_time_id on events
       (actual rows=2001000)
```

ಮೇಲಿನ ಸಾಲಿನಲ್ಲಿ 1000, ಕೆಳಗಿನದರಲ್ಲಿ 20,01,000. ಕೆಳಗೆ ಓದಿದ್ದು, ಮೇಲೆ ಕೊಟ್ಟದ್ದು. ಈ ಎರಡರ ನಡುವೆ ಇಷ್ಟು ಅಂತರ ಕಂಡರೆ ಅಲ್ಲೇ ಗಾಯ. ಕೆಲವು ಸಲ ಆಫ್‌ಸೆಟ್ ತುಂಬಾ ದೊಡ್ಡದಾದರೆ ಇಂಡೆಕ್ಸನ್ನೇ ಬಿಟ್ಟು `Seq Scan` ಮತ್ತು `Sort` ಅಂತ ತೋರಿಸಬಹುದು. ಇಡೀ ಟೇಬಲ್ ಓದಿ ಜೋಡಿಸಿಬಿಡೋದೇ ಅಗ್ಗ ಅಂತ ಪೋಸ್ಟ್‌ಗ್ರೆಸ್ ಅಂದಾಜು ಮಾಡಿದೆ ಅಂತ ಅರ್ಥ.

ನಿಧಾನ ಆದದ್ದಷ್ಟೇ ಆಗಿದ್ದರೆ ಈ ಎಪಿಸೋಡ್ ಮಾಡ್ತಿರಲಿಲ್ಲ. ಎರಡು ಕಾಲು ಗಂಟೆ ಕಾಯೋದು ದೊಡ್ಡ ವಿಷಯ ಅಲ್ಲ. ಇಳಿದ ಫೈಲ್‌ನ ಸಾಲು ಎಣಿಸಿದೆ, ಟೇಬಲ್‌ನ ಸಾಲು ಎಣಿಸಿದೆ. ಎರಡೂ ಒಂದೇ. ಟ್ಯಾಲಿ! ಎಪಿಸೋಡ್‌ವಾರು ನಿಮಿಷ ಕೂಡಿಸಿ, ರಿಪೋರ್ಟ್ ಜೊತೆ ಇನ್‌ವಾಯ್ಸ್‌ನೂ ಅದೇ ರಾತ್ರಿ ಕಳಿಸಿ ಮಲಗಿದೆ.

ಬೆಳಿಗ್ಗೆ ಆ ರಿಪೋರ್ಟ್ ಮತ್ತೆ ತೆಗೆದಾಗ ಕೊನೆಯ ಎಪಿಸೋಡ್ ಮೇಲೆ ಕಣ್ಣು ಬಿತ್ತು. ಸೊನ್ನೆ ನಿಮಿಷ. ಅದನ್ನು ನಾನು ಬಿಟ್ಟದ್ದೇ ಹಿಂದಿನ ಸಂಜೆ ಎಂಟಕ್ಕೆ. ಸ್ಕ್ರಿಪ್ಟ್ ಓಡ್ತಾ ಇದ್ದಾಗಲೇ. ಕೇಳಿದವರ ಮೆಸೇಜ್‌ಗಳು ಫೋನಲ್ಲೇ ಇವೆ. ಹಾಗಿದ್ದರೆ ಅವರ ಸಾಲುಗಳು ಫೈಲ್‌ಗೆ ಬಂದಿಲ್ಲ. ಬಂದಿಲ್ಲ ಅಂದರೆ ಟೋಟಲ್ ಹೇಗೆ ಟ್ಯಾಲಿ ಆಯ್ತು?

ಬಿ.ಕಾಂ. ಮಾಡಿದವರಿಗೆ ಇದರ ಹೆಸರು ಗೊತ್ತಿರುತ್ತೆ. ಟ್ರಯಲ್ ಬ್ಯಾಲೆನ್ಸ್ ಸರಿ ಬಂದರೂ ಒಳಗೆ ತಪ್ಪು ಇರಬಹುದು, ಒಂದು ತಪ್ಪು ಇನ್ನೊಂದನ್ನು ಸರಿದೂಗಿಸಿರುತ್ತೆ. ಕಾಂಪೆನ್ಸೇಟಿಂಗ್ ಎರರ್ ಅಂತ ಮೊದಲ ವರ್ಷದಲ್ಲೇ ಹೇಳಿಕೊಡ್ತಾರೆ. ಫೈಲ್‌ನಲ್ಲಿ ಬೇರೆ ಬೇರೆ `id` ಎಷ್ಟಿವೆ ಅಂತ ಎಣಿಸಿದೆ. ಒಟ್ಟು ಸಾಲಿಗಿಂತ 5,310 ಕಡಿಮೆ. ಅಂದರೆ 5,310 ಸಾಲು ಎರಡೆರಡು ಸಲ ಬಂದಿದ್ದವು. ಸ್ಕ್ರಿಪ್ಟ್ ಶುರುವಾದ ಮೇಲೆ ಮುಗಿಯೋ ತನಕ ಟೇಬಲ್‌ಗೆ ಹೊಸದಾಗಿ ಸೇರಿದ ಸಾಲು ಎಷ್ಟು ಅಂತ ನೋಡಿದೆ. ಅದೂ 5,310. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆ ಇಲ್ಲ.

ಹೇಗಾಯ್ತು ಅಂದರೆ, ಒಂದು ಕ್ಯೂ ಕಲ್ಪಿಸಿಕೊಳ್ಳಿ. ನೀವು ಮುಂದಿನಿಂದ ಹತ್ತು ಜನರ ಹೆಸರು ಬರೆದುಕೊಂಡಿರಿ. ‘ಈಗ ಹತ್ತು ಬಿಟ್ಟು ಹನ್ನೊಂದನೆಯವರಿಂದ’ ಅಂತ ಹೊರಟಿರಿ. ಅಷ್ಟರಲ್ಲಿ ಯಾರೋ ಒಬ್ಬರು ಕ್ಯೂನ ಮುಂದೆ ಬಂದು ನುಗ್ಗಿದರು. ಎಲ್ಲರೂ ಒಂದು ಹೆಜ್ಜೆ ಹಿಂದಕ್ಕೆ. ಈಗ ಹನ್ನೊಂದನೆಯ ಜಾಗದಲ್ಲಿ ಇರೋರು ನೀವು ಆಗಲೇ ಬರೆದುಕೊಂಡ ಹತ್ತನೆಯವರು. ಅವರ ಹೆಸರು ಎರಡು ಸಲ ಬಂತು. ಹೊಸದಾಗಿ ನುಗ್ಗಿದವರ ಹೆಸರು ಬರಲೇ ಇಲ್ಲ. ನನ್ನ ಜೋಡಣೆ ‘ಹೊಸದು ಮೊದಲು’. ಹಾಗಾಗಿ ಯಾರಾದರೂ ಅರ್ಧ ನಿಮಿಷ ಕೇಳಿದಾಗಲೆಲ್ಲಾ ಕ್ಯೂ ಮುಂದೆ ಒಬ್ಬರು ನುಗ್ಗಿದ ಹಾಗೆ. ಒಂದು ಹೊಸ ಸಾಲಿಗೆ ಒಂದು ಹಳೇ ಸಾಲು ನಕಲಾಯ್ತು. ಎಣಿಕೆ ಸರಿದೂಗಿತು.

ದುಡ್ಡಿನ ವಿಷಯ ಏನಪ್ಪಾ ಅಂದರೆ, ಆ 5,310 ನಕಲುಗಳಲ್ಲಿ 1,906 ಜಾಹೀರಾತು ಇದ್ದ ಹಳೇ ಎಪಿಸೋಡ್‌ಗಳವು. 953 ನಿಮಿಷ. ಯಾರೂ ಕೇಳದ 953 ನಿಮಿಷಕ್ಕೆ ನಾನು ಬಿಲ್ ಮಾಡಿದ್ದೆ.

ಇದರ ಉಲ್ಟಾನೂ ಆಗಬಹುದಿತ್ತು. ಸ್ಕ್ರಿಪ್ಟ್ ಓಡ್ತಿದ್ದಾಗ ನಾನು ಬಾಟ್‌ಗಳ ಸಾಲು ಅಂತ ಮೇಲಿನ ಒಂದಷ್ಟನ್ನು ಅಳಿಸಿದ್ದರೆ, ಕ್ಯೂನಿಂದ ಜನ ಎದ್ದು ಹೋದ ಹಾಗೆ, ಹಿಂದಿನವರು ಮುಂದಕ್ಕೆ ಜಾರಿ ಓದದ ಸಾಲುಗಳು ತಪ್ಪಿಹೋಗ್ತಿದ್ದವು. ನಕಲು ಬಂದರೆ `id` ನೋಡಿ ತೆಗೆಯಬಹುದು. ತಪ್ಪಿಹೋದದ್ದು ಫೈಲ್‌ನಲ್ಲಿ ಇರೋದೇ ಇಲ್ಲ, ಹೇಗೆ ಹುಡುಕೋದು?

ಸರಿ, ಪರಿಹಾರಕ್ಕೆ ಬರೋಣ. ಡಿಗ್ರಿ ಮುಗಿಸಿ ಸ್ವಲ್ಪ ದಿನ ನಾನು ಒಬ್ಬ ಆಡಿಟರ್ ಹತ್ತಿರ ವೋಚರ್ ಪರಿಶೀಲನೆ ಮಾಡ್ತಿದ್ದೆ. ದಪ್ಪ ಫೈಲ್, ಸಂಜೆ ಆರಕ್ಕೆ ಎದ್ದು ಹೋಗೋ ಮುಂಚೆ ಯಾರೂ ‘ಇವತ್ತು 418 ಹಾಳೆ ನೋಡಿದೆ, ನಾಳೆ 418 ಎಣಿಸಿ ಶುರು ಮಾಡ್ತೀನಿ’ ಅನ್ನಲ್ಲ. ಕೊನೆಯ ವೋಚರ್ ಮೇಲೆ ಕೆಂಪು ಪೆನ್ಸಿಲ್‌ನಲ್ಲಿ ಟಿಕ್ ಹಾಕಿ ಹೋಗ್ತೀವಿ. ನಾಳೆ ಆ ಟಿಕ್ ಹುಡುಕಿ ಅದರ ಮುಂದಿನಿಂದ ಶುರು. ರಾತ್ರಿ ಯಾರೋ ಬಂದು ಫೈಲ್‌ನ ಮೇಲೆ ಹತ್ತು ಹೊಸ ವೋಚರ್ ಸೇರಿಸಿದರೂ ನಮ್ಮ ಟಿಕ್ ಅಲ್ಲೇ ಇರುತ್ತೆ.

ಕೀಸೆಟ್ ಪೇಜಿನೇಶನ್ ಅಂದರೆ ಇದೇ. ಎಷ್ಟು ಬಿಡಬೇಕು ಅಂತ ಹೇಳಲ್ಲ, ಕೊನೆಗೆ ನೋಡಿದ ಸಾಲು ಯಾವುದು ಅಂತ ಹೇಳ್ತೀವಿ:

```sql
SELECT id, heard_at, episode_id
FROM events
WHERE (heard_at, id) <
      ('2024-08-17 20:15:30+05:30', 2011902)
ORDER BY heard_at DESC, id DESC
LIMIT 1000;
```

ಆ ಹೊತ್ತು ಮತ್ತು ಆ `id` ಹಿಂದಿನ ಪುಟದ ಕೊನೆಯ ಸಾಲಿನವು. ಇದಕ್ಕೆ ಹೊಂದೋ ಇಂಡೆಕ್ಸ್ ಬೇಕು, ಅದೇ ಎರಡು ಕಾಲಂ ಅದೇ ಕ್ರಮದಲ್ಲಿ:

```sql
CREATE INDEX events_time_id ON events (heard_at, id);
```

ಎರಡೂ ಕಾಲಂ ಒಂದೇ ದಿಕ್ಕಿನಲ್ಲಿರೋದರಿಂದ ಪೋಸ್ಟ್‌ಗ್ರೆಸ್ ಈ ಇಂಡೆಕ್ಸನ್ನು ಹಿಂದಿನಿಂದ ಓದಿಕೊಳ್ಳುತ್ತೆ, `DESC` ಅಂತ ಬೇರೆ ಮಾಡಬೇಕಾಗಿಲ್ಲ. ಈಗ ಪ್ರಶ್ನೆ ‘ಎಷ್ಟನೆಯದು’ ಅಂತಲ್ಲ, ‘ಎಲ್ಲಿಂದ’ ಅಂತ. ಮರಕ್ಕೆ ಗೊತ್ತಿರೋ ಭಾಷೆ ಅದೇ. ಮೂರು ಹೆಜ್ಜೆ ಇಳಿದು ಆ ಜಾಗಕ್ಕೆ ಹೋಗಿ, ಅಲ್ಲಿಂದ 1000 ಓದಿ ನಿಲ್ಲುತ್ತೆ. ಎರಡನೇ ಪುಟಕ್ಕೂ ಅಷ್ಟೇ ಕೆಲಸ, 4000ನೇ ಪುಟಕ್ಕೂ ಅಷ್ಟೇ. ನನ್ನ ಎರಡು ಕಾಲು ಗಂಟೆಯ ಕೆಲಸ ಒಂದು ನಿಮಿಷದೊಳಗೆ ಮುಗೀತು. ಮೇಲೆ ಎಷ್ಟು ಹೊಸ ಸಾಲು ಬಂದರೂ ನಕಲು ಒಂದೂ ಇಲ್ಲ.

ಇದನ್ನೂ `EXPLAIN ANALYZE`ನಲ್ಲಿ ನೋಡಿ. `Index Cond` ಅನ್ನೋ ಸಾಲಿನಲ್ಲಿ ಆ ಎರಡು ಕಾಲಂಗಳ ಹೋಲಿಕೆ ಇದ್ದರೆ ನೇರ ಹಾರ್ತಿದೆ ಅಂತ. ಅದೇ ಹೋಲಿಕೆ `Filter` ಅಂತ ಬಂದು, ಕೆಳಗೆ `Rows Removed by Filter` ಅಂತ ಲಕ್ಷಗಟ್ಟಲೆ ಸಂಖ್ಯೆ ಇದ್ದರೆ, ಮತ್ತೆ ಓದಿ ಎಸೆಯೋದೇ ನಡೀತಿದೆ. ಇಂಡೆಕ್ಸ್ ಹೊಂದಿಲ್ಲ.

ಈಗ ಎಲ್ಲರೂ ಎಡವೋ ಜಾಗ. ಹೊತ್ತು ಇದೆಯಲ್ಲ, ಅದರ ಜೊತೆ `id` ಯಾಕೆ? ನಾನೂ ಮೊದಲು ಬರೀ `heard_at <` ಅಂತ ಬರೆದಿದ್ದೆ. ಒಂದೇ ಕ್ಷಣಕ್ಕೆ ಮೂರು ಜನರ ಸಾಲು ಬಂದಿವೆ ಅನ್ನೋಣ, `id` ಕೊನೆಯ ಮೂರಂಕಿ 903, 902, 901. ಪುಟ 902ಕ್ಕೆ ಮುಗೀತು. ಮುಂದಿನ ಪುಟಕ್ಕೆ ‘ಆ ಹೊತ್ತಿಗಿಂತ ಹಳೆಯದು ಕೊಡು’ ಅಂದರೆ 901 ತಪ್ಪಿತು, ಯಾಕಂದರೆ ಅದರ ಹೊತ್ತೂ ಅದೇ. ಹಾಗಾದರೆ `<=` ಹಾಕೋಣ ಅಂದರೆ 903, 902 ಮತ್ತೆ ಬರ್ತಾವೆ. ಒಂದೇ ಹೊತ್ತಿನ ಸಾಲು 1000ಕ್ಕಿಂತ ಜಾಸ್ತಿ ಇದ್ದರಂತೂ ಅದೇ ಪುಟ ಮತ್ತೆ ಮತ್ತೆ ಬಂದು ಸ್ಕ್ರಿಪ್ಟ್ ಮುಗಿಯೋದೇ ಇಲ್ಲ. ಅದಕ್ಕೆ ಜೋಡಣೆಯ ಕೊನೆಗೆ ಎಂದೂ ಎರಡು ಸಲ ಬರದ ಒಂದು ಕಾಲಂ ಇರಲೇಬೇಕು. `id` ಅದಕ್ಕೆ.

ಎರಡೂ ಸೇರಿಸೋವಾಗ ಇನ್ನೊಂದು ತಪ್ಪು ಮಾಡ್ತಾರೆ: `heard_at < ... AND id < ...`. ಓದೋಕೆ ಸರಿ ಅನ್ನಿಸುತ್ತೆ. ಆದರೆ ಎರಡೂ ಷರತ್ತು ಒಟ್ಟಿಗೆ ನಿಜ ಆಗಬೇಕಲ್ಲ, 901ರ ಹೊತ್ತು ಸಮ ಇರೋದರಿಂದ ಮೊದಲ ಷರತ್ತಲ್ಲೇ ಬಿದ್ದುಹೋಗುತ್ತೆ. ಬೇಕಿರೋದು ಡಿಕ್ಷನರಿಯ ಕ್ರಮ: ಮೊದಲ ಅಕ್ಷರ ನೋಡು, ಅದು ಒಂದೇ ಆದರೆ ಮಾತ್ರ ಎರಡನೆಯದು ನೋಡು. ಮೇಲಿನ ಪ್ರಶ್ನೆಯಲ್ಲಿ ಕಂಸದೊಳಗೆ ಎರಡನ್ನೂ ಜೋಡಿ ಮಾಡಿ ಹೋಲಿಸಿದ್ದು ಅದಕ್ಕೇ. ಜೋಡಿ ಹೋಲಿಕೆ ಎಲ್ಲಾ ಡೇಟಾಬೇಸ್‌ನಲ್ಲೂ ಇಲ್ಲ, ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಇಲ್ಲ. ಅಲ್ಲಿ ಬಿಡಿಸಿ ಬರೀಬೇಕು. X ಅಂದರೆ ಕೊನೆಯ ಹೊತ್ತು, Y ಅಂದರೆ ಕೊನೆಯ `id`:

```sql
WHERE heard_at <= X
  AND (heard_at < X OR id < Y)
```

ಅರ್ಥ ಒಂದೇ. ಒಂದು ಕಾಲಂ ಏರಿಕೆ, ಇನ್ನೊಂದು ಇಳಿಕೆ ಕ್ರಮದಲ್ಲಿ ಬೇಕಿದ್ದರೂ ಹೀಗೆ ಬಿಡಿಸಿಯೇ, ಚಿಹ್ನೆಗಳನ್ನು ಅದಕ್ಕೆ ತಕ್ಕ ಹಾಗೆ ತಿರುಗಿಸಿ ಬರೀಬೇಕು, ಜೋಡಿ ಹೋಲಿಕೆ ಅಲ್ಲಿ ಕೆಲಸಕ್ಕೆ ಬರಲ್ಲ. ಜೋಡಿಸೋ ಕಾಲಂ ಖಾಲಿ, ಅಂದರೆ `NULL` ಇದ್ದರೂ ತೊಂದರೆ. ಖಾಲಿಯನ್ನು ಯಾವುದಕ್ಕೆ ಹೋಲಿಸಿದರೂ ‘ಹೌದು’ ಅಂತ ಉತ್ತರ ಬರಲ್ಲ, ಆ ಸಾಲು ಯಾವ ಪುಟದಲ್ಲೂ ಕಾಣದೇ ಹೋಗಬಹುದು. ನಾನು `heard_at` ಕಾಲಂಗೆ `NOT NULL` ಹಾಕಿಬಿಟ್ಟೆ.

ನನ್ನನ್ನು ಒಂದು ದಿನ ಪೂರ್ತಿ ಅಲೆಸಿದ್ದು ಮಾತ್ರ ಬೇರೆ. ಎಲ್ಲಾ ಸರಿ ಬರೆದ ಮೇಲೂ ಆಗಾಗ ಒಂದೆರಡು ಸಾಲು ತಪ್ಪುತ್ತಿದ್ದವು. ಪೋಸ್ಟ್‌ಗ್ರೆಸ್ ಹೊತ್ತನ್ನು ಮೈಕ್ರೋಸೆಕೆಂಡ್‌ವರೆಗೆ ಇಡುತ್ತೆ, ದಶಾಂಶ ಬಿಂದುವಿನ ಮುಂದೆ ಆರು ಅಂಕಿ. ನನ್ನ ಸ್ಕ್ರಿಪ್ಟ್ ಜಾವಾಸ್ಕ್ರಿಪ್ಟ್‌ನದ್ದು, ಅದರ `Date` ಇಡೋದು ಮಿಲಿಸೆಕೆಂಡ್‌ವರೆಗೆ, ಮೂರೇ ಅಂಕಿ. ಕೊನೆಯ ಸಾಲಿನ ಹೊತ್ತು 30.123456 ಸೆಕೆಂಡ್ ಇದ್ದರೆ ಸ್ಕ್ರಿಪ್ಟ್ ವಾಪಸ್ ಕಳಿಸಿದ್ದು 30.123. ನಡುವೆ 30.123400ರಲ್ಲಿ ಒಂದು ಸಾಲಿದ್ದರೆ ಅದು 30.123ಕ್ಕಿಂತ ಹೊಸದು, ಹಾಗಾಗಿ ಮುಂದಿನ ಪುಟಕ್ಕೆ ಸೇರಲ್ಲ. ಹಿಂದಿನ ಪುಟದಲ್ಲೂ ಇರಲಿಲ್ಲ. ಮಾಯ. ಪೆನ್ಸಿಲ್ ಟಿಕ್ಕನ್ನು ಸ್ವಲ್ಪ ಪಕ್ಕಕ್ಕೆ ಹಾಕಿದ ಹಾಗೆ ಇದು. ಈಗ ಆ ಹೊತ್ತನ್ನು ಸರ್ವರ್‌ನಲ್ಲೇ `heard_at::text` ಅಂತ ಪಠ್ಯವಾಗಿ ತೆಗೆದು, ಮುಟ್ಟದೇ ಹಾಗೇ ವಾಪಸ್ ಕಳಿಸ್ತೀನಿ.

ಕೀಸೆಟ್‌ನಲ್ಲಿ ಕಳೆದುಕೊಳ್ಳೋದೂ ಇದೆ. ‘1873ನೇ ಪುಟಕ್ಕೆ ಹೋಗು’ ಅನ್ನೋಕೆ ಆಗಲ್ಲ, ಯಾಕಂದರೆ 1872ನೇ ಪುಟದ ಕೊನೆಯ ಸಾಲು ಯಾವುದು ಅಂತ ನಮಗೆ ಗೊತ್ತಿಲ್ಲ. ನನಗಂತೂ ಇದು ದೊಡ್ಡ ನಷ್ಟ ಅನ್ನಿಸಲ್ಲ. 1873ನೇ ಪುಟ ಬೇಕು ಅಂತ ಯಾರೂ ಹುಡುಕಲ್ಲ, ಆಗಸ್ಟ್ ತಿಂಗಳದ್ದು ಬೇಕು ಅಂತ ಹುಡುಕ್ತಾರೆ. ಅದು ಕೀಸೆಟ್‌ನಲ್ಲಿ ಸಲೀಸು, ಆ ತಾರೀಖನ್ನೇ ಟಿಕ್ ಅಂತ ಕೊಟ್ಟರಾಯ್ತು. ಹಿಂದಿನ ಪುಟಕ್ಕೆ ಹೋಗಬೇಕಾದರೆ ಈಗಿನ ಪುಟದ ಮೊದಲ ಸಾಲು ಕೊಟ್ಟು, ಚಿಹ್ನೆ ಮತ್ತು ಜೋಡಣೆ ಎರಡನ್ನೂ ಉಲ್ಟಾ ಮಾಡಿ, ಬಂದದ್ದನ್ನು ತಿರುಗಿಸಿ ತೋರಿಸಬೇಕು. ಇನ್ನು, ಜೋಡಿಸೋ ಕಾಲಂನ ಬೆಲೆಯೇ ಬದಲಾಗ್ತಾ ಇದ್ದರೆ, ಉದಾಹರಣೆಗೆ ‘ಹೆಚ್ಚು ಲೈಕ್ ಮೊದಲು’ ಅನ್ನೋ ಪಟ್ಟಿ, ಸಾಲುಗಳು ಟಿಕ್‌ನ ಆಚೆ ಈಚೆ ದಾಟ್ತಾ ಇರ್ತಾವೆ. ಅಲ್ಲಿ ನಕಲು, ತಪ್ಪು ಎರಡೂ ಮತ್ತೆ ಬರಬಹುದು.

ದೊಡ್ಡ ವ್ಯವಸ್ಥೆಗಳೂ ಇದೇ ದಾರಿ ಹಿಡಿದಿವೆ. ಇಲಾಸ್ಟಿಕ್‌ಸರ್ಚ್‌ನಲ್ಲಿ ಬದಲಾಯಿಸದ ಹೊರತು 10,000 ಫಲಿತಾಂಶದ ಆಚೆ ಆಫ್‌ಸೆಟ್ ರೀತಿಯಲ್ಲಿ ಹೋಗೋಕೆ ಬಿಡಲ್ಲ, ಮುಂದಕ್ಕೆ `search_after` ಬಳಸಿ ಅನ್ನುತ್ತೆ. ಸ್ಟ್ರೈಪ್‌ನ ಎಪಿಐನಲ್ಲಿ ಪುಟದ ಸಂಖ್ಯೆ ಇಲ್ಲ, `starting_after` ಅಂತ ಕೊನೆಯ ವಸ್ತುವಿನ ಐಡಿ ಕೇಳುತ್ತೆ. ಡೇಟಾಬೇಸ್ ಇಂಡೆಕ್ಸ್‌ಗಳ ಬಗ್ಗೆ ಬರೆಯೋ ಮಾರ್ಕಸ್ ವಿನಾಂಡ್ ಅವರಂತೂ ಆಫ್‌ಸೆಟ್ ಬೇಡ ಅಂತ ಒಂದು ಚಳವಳಿಯನ್ನೇ ಮಾಡಿದ್ದಾರೆ. ನಾನು ಅಷ್ಟು ಕಟ್ಟುನಿಟ್ಟಲ್ಲ. ನಮ್ಮ ಸೈಟ್‌ನ ಎಪಿಸೋಡ್ ಪಟ್ಟಿ ಇವತ್ತಿಗೂ ಆಫ್‌ಸೆಟ್‌ನಲ್ಲೇ ಇದೆ. ನೂರು ಚಿಲ್ಲರೆ ಸಾಲು, ವಾರಕ್ಕೊಂದು ಹೊಸದು. ಅಲ್ಲಿ ಏನು ನಿಧಾನ ಆಗುತ್ತೆ ಹೇಳಿ.

ಕೇಳುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದರು: ಪೂರ್ತಿ ಟೇಬಲ್ ಬೇಕಿದ್ದರೆ ಪುಟ ಪುಟ ಯಾಕೆ, ಪೋಸ್ಟ್‌ಗ್ರೆಸ್‌ನ `COPY` ಒಂದೇ ಏಟಿಗೆ ಕೊಡುತ್ತಲ್ಲ ಅಂತ. ಸರಿಯಾದ ಮಾತು. ಡೇಟಾಬೇಸ್ ನೇರವಾಗಿ ಕೈಗೆ ಸಿಗೋದಾದರೆ ಅದೇ ಮಾಡಿ, ಒಂದೇ ಕ್ಷಣದ ಚಿತ್ರ ಸಿಗುತ್ತೆ. ನನ್ನ ಡೇಟಾಬೇಸ್ ಹೊರಗಿನಿಂದ ತೆರೆದಿಲ್ಲ, ಲ್ಯಾಪ್‌ಟಾಪ್‌ಗೆ ಎಲ್ಲಾ ಬರೋದು ಸೈಟ್‌ನ ಎಪಿಐ ಮೂಲಕ. ಅದಕ್ಕೆ ಪುಟಗಳು.

ಆಮೇಲೆ ಪ್ಲೇಯರ್‌ಗೆ ಆಫ್‌ಲೈನ್ ಸೌಲಭ್ಯ ಸೇರಿಸಿದಾಗ ಇನ್ನೊಂದು ಸಮಸ್ಯೆ ಬಂತು. ಯಾರೋ ಊರಿಗೆ ಹೋಗೋ ಬಸ್‌ನಲ್ಲಿ ನೆಟ್ ಇಲ್ಲದೆ ಕೇಳ್ತಾರೆ. ಎರಡು ದಿನ ಬಿಟ್ಟು ನೆಟ್ ಸಿಕ್ಕಾಗ ಆ ಸಾಲುಗಳು ಎರಡು ದಿನ ಹಳೆಯ `heard_at` ಹೊತ್ತುಕೊಂಡು ಬರ್ತಾವೆ. ನನ್ನ ಟಿಕ್ ಆಗಲೇ ಆ ಜಾಗ ದಾಟಿ ಹೋಗಿದ್ದರೆ ಅವು ತಪ್ಪಿದ ಹಾಗೇ. ಅದಕ್ಕೆ ಈಗ ರಿಪೋರ್ಟ್ ಸ್ಕ್ರಿಪ್ಟ್ ಕೇಳಿದ ಹೊತ್ತಿನ ಕ್ರಮದಲ್ಲಿ ಓದಲ್ಲ, ಸರ್ವರ್‌ಗೆ ಬಂದ ಕ್ರಮದಲ್ಲಿ, ಅಂದರೆ `id` ಏರಿಕೆ ಕ್ರಮದಲ್ಲಿ ಓದುತ್ತೆ. ತಡವಾಗಿ ಬಂದದ್ದಕ್ಕೆ ದೊಡ್ಡ `id` ಸಿಗುತ್ತೆ, ಮುಂದಿನ ಸಲ ಸಿಕ್ಕೇ ಸಿಗುತ್ತೆ. ಇದರಲ್ಲೂ ಒಂದು ಸಣ್ಣ ಬಿರುಕು: ಎರಡು ಸಾಲು ಒಟ್ಟಿಗೆ ಸೇರ್ತಿರುವಾಗ 501 ಮೊದಲು ಉಳಿದು, 500 ಕ್ಷಣ ಬಿಟ್ಟು ಉಳಿಯಬಹುದು. ಆ ಕ್ಷಣದಲ್ಲಿ ಓದಿ 501ಕ್ಕೆ ಟಿಕ್ ಹಾಕಿದರೆ 500 ಹೋಯ್ತು. ಹಾಗಾಗಿ ಸರ್ವರ್‌ಗೆ ಬಂದು ಐದು ನಿಮಿಷ ಆಗದ ಸಾಲುಗಳನ್ನು ಆ ಸಲಕ್ಕೆ ಓದದೇ ಬಿಡ್ತೀನಿ. ನನ್ನಲ್ಲಿ ಒಂದು ಸಾಲು ಸೇರೋಕೆ ಅಷ್ಟು ಹೊತ್ತು ಎಂದೂ ಹಿಡಿಯಲ್ಲ.

ಆ ಕಂಪನಿಯವರಿಗೆ ಅವತ್ತೇ ಮಧ್ಯಾಹ್ನ ಫೋನ್ ಮಾಡಿ, ‘ಸರ್, ಬಿಲ್‌ನಲ್ಲಿ 953 ನಿಮಿಷ ಜಾಸ್ತಿ ಹಾಕಿದ್ದೀನಿ’ ಅಂದೆ. ‘ನಮ್ಮ ಕಡೆ ಟೋಟಲ್ ಸರಿ ಬಂತಲ್ಲಾ’ ಅಂದರು. ಹೌದು ಸರ್, ಅದೇ ಸಮಸ್ಯೆ ಅಂದೆ. ಕ್ರೆಡಿಟ್ ನೋಟ್ ಜೊತೆಗೆ ಹೊಸ ರಿಪೋರ್ಟ್ ಕಳಿಸಿದೆ. ಈಗ ಸ್ಕ್ರಿಪ್ಟ್‌ನ ಕೊನೆಯಲ್ಲಿ ಒಟ್ಟು ಸಾಲು ಎಷ್ಟು, ಬೇರೆ ಬೇರೆ `id` ಎಷ್ಟು ಅಂತ ಎರಡೂ ಪ್ರಿಂಟ್ ಆಗುತ್ತೆ. ಎರಡೂ ಒಂದೇ ಬರದಿದ್ದರೆ ರಿಪೋರ್ಟ್ ಫೈಲ್ ತಯಾರಾಗೋದೇ ಇಲ್ಲ.